ದನ ತಿಂದರೂ ಏನೂ ಆಗುವುದಿಲ್ಲ ಎಂದು ಬರೆದವನು

ಮಸ್ಕಿಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಸಣ್ಣ ಛಾಪಖಾನೆ. ಅಪ್ಪ ಕಟ್ಟಿದ್ದು, ಅವರು ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ಹೆಂಗಸು ಛಾಪಖಾನೆ ನಡೆಸುವುದೇ ಎಂದು ಮೂಗು ಮುರಿದವರೆಲ್ಲ ಈಗ ಮಗಳ ಲಗ್ನಪತ್ರಿಕೆ ಹಿಡಿದು ನನ್ನ ಬಾಗಿಲಿಗೇ ಬರುತ್ತಾರೆ. ಬರಲಿ. ನಾನು ಬಯ್ಯುತ್ತೇನೆ, ಛಾಪಿಸಿಯೂ ಕೊಡುತ್ತೇನೆ. ಮೆಹರಬಾನುವಿನ ಬಾಯಿ ಕೆಟ್ಟದ್ದು, ಕೆಲಸ ಚೊಕ್ಕ ಎಂದು ಲಿಂಗಸುಗೂರಿನವರೆಗೂ ಮಾತಿದೆ.

ಕೆಲಸ ಚೊಕ್ಕ ಎನ್ನಿಸಿಕೊಂಡಿದ್ದು ಯಂಕೋಬನಿಂದ. ಹದಿನೆಂಟು ವರ್ಷದಿಂದ ನನ್ನ ಅಂಗಡಿಯ ಅಕ್ಷರವೆಲ್ಲ ಅವನದು. ಮೊದಲು ಗೋಡೆ ಬರೆಯುತ್ತಿದ್ದ. ಸಿಮೆಂಟಿನ ಜಾಹೀರಾತು, ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಮಾಲೀಕನ ಮಕ್ಕಳ ಹೆಸರು, ಶಾಲೆಯ ಕಾಂಪೌಂಡಿಗೆ ನೀತಿವಾಕ್ಯ. ಫ್ಲೆಕ್ಸ್ ಬಂದು ಗೋಡೆ ಬರೆಯುವವರ ಹೊಟ್ಟೆ ಮೇಲೆ ಹೊಡೆದಾಗ ಕಂಪ್ಯೂಟರ್ ಕಲಿತ. ಆಮೇಲೆ ಮೊಬೈಲ್ ಬಂತು. ಅಂಗಡಿಯವರು ಫೋಟೋ ಕಳಿಸಿ, ಇದರ ಕೆಳಗೆ ಎರಡು ಸಾಲು ಹಾಕು ಮಾರಾಯ ಎನ್ನುತ್ತಿದ್ದರು. ಸೀರೆ ಅಂಗಡಿ, ಬೀಜದ ಅಂಗಡಿ, ಸಿಂಧನೂರಿನ ಅಕ್ಕಿ ಗಿರಣಿ, ಯಾರದೇ ಇರಲಿ, ಯಂಕೋಬನ ಎರಡು ಸಾಲು ಬಾಯಿಗೆ ಬೆಲ್ಲ. ಅವನ ದೋಷವೂ ಅದೇ. ಮಾತು ಸಿಹಿಯಾದರೆ ಸಾಕು, ಒಳಗೆ ಏನಿದೆ ಎಂದು ನೋಡುತ್ತಿರಲಿಲ್ಲ. ನಾನೂ ನೋಡುತ್ತಿರಲಿಲ್ಲ. ಇಬ್ಬರಿಗೂ ಸೇರಿಯೇ ಹೇಳುತ್ತಿದ್ದೇನೆ.

ಕಳೆದ ವರ್ಷದ ದೀಪಾವಳಿ ಹೊತ್ತಿಗೆ ಸಿಂಧನೂರಿನ ಶಿವಕಾಂತ ಸಾಹುಕಾರ ಬಂದ. ಹೊನ್ನತೆನೆ ಖಡಕ್ ರೊಟ್ಟಿಯ ಮಾಲೀಕ. ನೂರಾರು ಹೆಂಗಸರು ಬಡಿದ ಜೋಳದ ರೊಟ್ಟಿ ಕೊಂಡು, ಚೀಲಕ್ಕೆ ತುಂಬಿ, ಮೂರು ಊರಿನ ಖಾನಾವಳಿಗಳಿಗೆಲ್ಲ ಕಳಿಸುತ್ತಾನೆ. ಅಲ್ಲಿಯವರೆಗೆ ಚೀಲ ಪೂರ್ತಿ ಪ್ಲಾಸ್ಟಿಕ್ಕಿನದಿತ್ತು. ಈಗ ಹೊರಗೆ ಕಂದು ಕಾಗದ, ಒಳಗೆ ಹೊಳೆಯುವ ತೆಳು ಪದರ ಇರುವ ಹೊಸ ಚೀಲ ತರಿಸಿದ್ದ. ಬರೀ ಕಾಗದವಾದರೆ ಗಾಳಿಯ ತೇವಕ್ಕೆ ರೊಟ್ಟಿ ಮೆತ್ತಗಾಗುತ್ತದೆ, ಅದಕ್ಕೆ ಆ ಪದರ. ನಾನು ಒಳಗೆ ಕೈಯಾಡಿಸಿ, “ಇದು ಪ್ಲಾಸ್ಟಿಕ್ ಅಲ್ಲೇನ್ರೀ?” ಎಂದು ಕೇಳಿದ್ದೆ.

“ಅಲ್ಲವ್ವಾ, ಮೆಕ್ಕೆಜೋಳದ ಹಿಟ್ಟಿಂದು. ಚೀಲ ಕೊಟ್ಟಾಂವ ಹೇಳ್ಯಾನ, ಸರ್ಟಿಫಿಕೇಟೂ ಕೊಟ್ಟಾನ. ಮಣ್ಣಾಗ ಮಣ್ಣಾಗತೈತಂತ, ದನ ತಿಂದ್ರೂ ಏನೂ ಆಗಂಗಿಲ್ಲಂತ,” ಎಂದ ಶಿವಕಾಂತ.

ಆ ಮಾತು ಯಂಕೋಬನ ಕಿವಿಗೆ ಬಿದ್ದದ್ದೇ ತಡ, ಸಾಲು ತಯಾರು. ‘ಭೂತಾಯಿಯ ಗೆಳೆಯ ಈ ಚೀಲ. ಮಣ್ಣಿನಲ್ಲಿ ಮಣ್ಣಾಗುತ್ತದೆ, ದನ ತಿಂದರೂ ಏನೂ ಆಗುವುದಿಲ್ಲ.’ ಹಸಿರು ಬಣ್ಣದಲ್ಲಿ ಒಂದು ಎಲೆಯ ಚಿತ್ರ. ನಾನು ಸಾವಿರಗಟ್ಟಲೆ ಛಾಪಿಸಿದೆ. ಅದೇ ಸಾಲು ಫೋಟೋದ ಕೆಳಗೆ ಮೊಬೈಲಿನಲ್ಲೂ ಊರೂರು ತಿರುಗಿತು. ಅವನು ಕೊಟ್ಟುಹೋದ ಸರ್ಟಿಫಿಕೇಟನ್ನು ನಾವಿಬ್ಬರೂ ಬಿಡಿಸಿ ಓದಲಿಲ್ಲ.

ಚೀಲದ ಮೇಲಿನ ಸಾಲು ಓದಿದವಳು, ನಂಬಿದವಳು ಯಂಕೋಬನ ತಂಗಿ ಗಾಳೆಮ್ಮ.

ಗಾಳೆಮ್ಮನನ್ನು ಸಂತೆಕಲ್ಲೂರಿಗೆ ಕೊಟ್ಟಿದ್ದರು. ಗಂಡ ತೀರಿಹೋಗಿ ಆರು ವರ್ಷ. ದಿನಾ ಬೆಳಿಗ್ಗೆ ಟಂಟಂ ಆಟೋ ಹತ್ತಿ ಮಸ್ಕಿಯ ಖಾನಾವಳಿಗೆ ಕೆಲಸಕ್ಕೆ ಬರುತ್ತಾಳೆ. ಅಲ್ಲಿ ದಿನಕ್ಕೆ ಐದಾರು ಚೀಲ ರೊಟ್ಟಿ ಖರ್ಚು. ಖಾಲಿ ಚೀಲದ ತಳದಲ್ಲಿ ರೊಟ್ಟಿ ಚೂರು, ಹಿಟ್ಟು ಉಳಿದಿರುತ್ತದೆ. ಮೊದಲು ಅವನ್ನು ಕೊಡವಿ ಎಸೆಯುತ್ತಿದ್ದರು. ಗಾಳೆಮ್ಮ ಚೀಲದ ಮೇಲಿನ ಅಕ್ಷರ ಓದಿದಳು. ಅವಳಿಗೆ ಓದು ಕಲಿಸಿದ್ದೂ ಅಣ್ಣನೇ, ಗೋಡೆ ಬರೆಯುವಾಗ ಬಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದಳು. ನಮ್ಮಣ್ಣ ಬರೆದಾನ, ಸುಳ್ಳು ಯಾಕ ಬರೀತಾನ ಎಂದುಕೊಂಡು ಖಾಲಿ ಚೀಲಗಳನ್ನು ಮನೆಗೊಯ್ದು, ಕಲಗಚ್ಚಿನಲ್ಲಿ ನೆನೆಹಾಕಿ, ತೌಡು ಕಲೆಸಿ ಎಮ್ಮೆ ಚಂದ್ರಿಗೆ ಇಟ್ಟಳು. ಉಪ್ಪು, ಹಿಟ್ಟು ಹತ್ತಿದ ಕಾಗದ, ಎಮ್ಮೆ ಚಪ್ಪರಿಸಿ ತಿಂದಿತು. ಏಳು ತಿಂಗಳು ದಿನಾ ತಿಂದಿತು.

ಜೂನ್ ತಿಂಗಳ ಒಂದು ಮಧ್ಯಾಹ್ನ ಗಾಳೆಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ಗೊಬ್ಬರದ ಚೀಲ. ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಯಂಕೋಬ ಕಂಪ್ಯೂಟರಿನ ಮುಂದೆ ಕೂತಿದ್ದವನು ತಿರುಗಿ, “ಯಾಕವಾ ತಂಗಿ, ಈ ಹೊತ್ತಿನಾಗ?” ಎಂದ. ಅವಳು ಚೀಲ ಎತ್ತಿ ಅವನ ಮುಖಕ್ಕೆ ಅಪ್ಪಳಿಸಿದಳು.

ಹದಿನೈದು ಕಿಲೋ ಭಾರ ಇದ್ದಿರಬೇಕು. ಅವನು ಕುರ್ಚಿ ಸಮೇತ ಬಿದ್ದ. ಚೀಲ ಹರಿದು ಒಳಗಿದ್ದುದು ನೆಲದ ಮೇಲೆ ಚೆಲ್ಲಿತು. ಹಗ್ಗದ ಹಾಗೆ ಹೊಸೆದುಕೊಂಡ ತೆಳು ಹಾಳೆ, ಹಸಿರು ರಸ, ರಕ್ತ. ಗಾಳೆಮ್ಮ ಸೊಂಟಕ್ಕೆ ಸಿಕ್ಕಿಸಿದ್ದ, ಎಮ್ಮೆ ಕಟ್ಟುವ ಕಣ್ಣಿ ತೆಗೆದು ಹೊಡೆಯತೊಡಗಿದಳು. ಬೆನ್ನು, ತಲೆ, ಕಿವಿ, ಎಲ್ಲಿ ಬಿತ್ತೋ ಅಲ್ಲಿ. ಹಗ್ಗದ ಗಂಟು ತಾಗಿ ಅವನ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು.

“ನೀ ಬರದಿ! ನಿನ್ನ ಕೈಲಿಂದ ಬರದಿ! ದನ ತಿಂದ್ರೂ ಏನೂ ಆಗಂಗಿಲ್ಲ ಅಂತ ಬರದಿ!”

ಒಂದೊಂದು ಮಾತಿಗೆ ಒಂದೊಂದು ಏಟು. ನಾನು ನಡುವೆ ಹೋದೆ, ನನ್ನ ತೋಳಿಗೂ ಎರಡು ಬಿದ್ದವು. ಸತ್ಯ ಹೇಳಬೇಕೆಂದರೆ ಅವು ಬೀಳಬೇಕಾದವೇ. ಯಂಕೋಬ ಕೈ ಅಡ್ಡ ಹಿಡಿಯಲೂ ಇಲ್ಲ. ಅವಳ ಕೈ ಸೋತ ಮೇಲೆ ಗೋಡೆಗೆ ಒರಗಿ ಕೂತು, ಆದದ್ದನ್ನು ಹೇಳಿದಳು.

ನಾಲ್ಕು ದಿನದಿಂದ ಚಂದ್ರಿ ಮೆಲುಕು ಹಾಕುವುದು ಬಿಟ್ಟಿತ್ತು, ಸಗಣಿ ನಿಂತಿತ್ತು, ಹೊಟ್ಟೆ ನಗಾರಿಯಾಗಿತ್ತು. ಬೆಳಿಗ್ಗೆ ಗೊರಸು ಬಡಿಯುತ್ತ, ನಾಲಿಗೆ ಚಾಚಿ ಪ್ರಾಣ ಬಿಟ್ಟಿತು. ಪಶು ಡಾಕ್ಟರು ಹೊಲದಲ್ಲೇ ಹೊಟ್ಟೆ ಸೀಳಿದರು. ಮೊದಲನೆಯ ಹೊಟ್ಟೆಯ ತುಂಬ ಇದೇ ಹಾಳೆ, ಕೈಯಿಂದ ಎಳೆದಷ್ಟೂ ಬಂತಂತೆ. ಕಾಗದ ಅರಗಿಹೋಗಿತ್ತು, ಪದರ ಒಂದಿಷ್ಟೂ ಅರಗಿರಲಿಲ್ಲ. “ಇದು ಪ್ಲಾಸ್ಟಿಕ್ಕವ್ವಾ, ಒಳಗ ಹೋದದ್ದು ಹೊರಗ ಬರಂಗಿಲ್ಲ, ದಾರಿ ಕಟ್ಟಿಬಿಡತೈತಿ,” ಎಂದರಂತೆ ಡಾಕ್ಟರು.

“ಇನ್ನ ಎಷ್ಟು ಮನ್ಯಾಗ ಹಾಕಾಕತ್ತಾರೋ,” ಎಂದಳು ಗಾಳೆಮ್ಮ ಕೊನೆಗೆ. “ನಮ್ಮೂರಾಗ ನನ್ನ ನೋಡಿ ಇನ್ನ ಮೂರು ಮಂದಿ ಹಾಕ್ತಿದ್ರು. ಅವರಿಗೆ ನಾ ಹೇಳೀನಿ. ಸಿಂಧನೂರಾಗ, ಗೊರೇಬಾಳದಾಗ ಯಾರು ಹೇಳ್ತಾರ?”

ಹೇಳಿ ಎದ್ದುಹೋದಳು. ಅಣ್ಣನ ಕಡೆ ನೋಡಲಿಲ್ಲ.

ಅವತ್ತು ಯಂಕೋಬ ಮನೆಗೆ ಹೋಗಲಿಲ್ಲ. ಹುಬ್ಬಿಗೆ ಅರಿಶಿನ ಒತ್ತಿಕೊಂಡು ಆ ಹಾಳೆಗಳನ್ನೆಲ್ಲ ನಲ್ಲಿಯ ಕೆಳಗೆ ತೊಳೆದು ಹರವಿದ. ರೊಟ್ಟಿ ಚೀಲದ ಪದರದ ಜೊತೆಗೆ ಅಂಗಡಿಯ ಕ್ಯಾರಿ ಬ್ಯಾಗ್ ಎರಡು ಸಿಕ್ಕವು. ಅವನ್ನು ಬೇರೆ ಇಟ್ಟ. ಆಮೇಲೆ ಹತ್ತು ಹೊಸ ಚೀಲ ಬಕೆಟಿನಲ್ಲಿ ನೆನೆಹಾಕಿದ. ಮರುದಿನ ಕಾಗದವನ್ನೆಲ್ಲ ತಿಕ್ಕಿ ತೆಗೆದು, ಉಳಿದ ಪದರ ಒಣಗಿಸಿ, ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದ. ಚೀಲವೊಂದಕ್ಕೆ ನಾಲ್ಕು ಗ್ರಾಂ. ಹಳೆಯ ಪೂರ್ತಿ ಪ್ಲಾಸ್ಟಿಕ್ ಚೀಲ ಹತ್ತು ಹುಡುಕಿ ತೂಗಿಸಿದ, ಒಂದಕ್ಕೆ ಒಂಬತ್ತು. ಕೊನೆಗೆ ಆ ಸರ್ಟಿಫಿಕೇಟ್ ತೆಗೆದು ಓದಿದ. ಪರೀಕ್ಷೆಗೆ ಕಳಿಸಿದ ಮಾದರಿ ಎಂಬಲ್ಲಿ ಬರೆದಿದ್ದು: ಕಂದು ಕಾಗದ, ಪದರವಿಲ್ಲದ್ದು.

“ಆಪಾ,” ಎಂದ, ಅಕ್ಕ ಎನ್ನುವುದನ್ನು ನಮ್ಮ ಮನೆಯ ಮಾತಿನಲ್ಲೇ ಅನ್ನುತ್ತಾನೆ, “ಇದು ಬರೇ ಹೊರಗಿನ ಕಾಗದದ್ದು. ಒಳಗಿನ ಪದರ ಪರೀಕ್ಷಾ ಮಾಡೇ ಇಲ್ಲ.”

ಮಣ್ಣಲ್ಲಿ ಕೊಳೆಯುವ ಪ್ಲಾಸ್ಟಿಕ್ ಎಂದು ಮಾರಬೇಕಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು, ಅದರ ಗುರುತು ಚೀಲದ ಮೇಲೇ ಇರಬೇಕು. ನಮ್ಮ ಚೀಲದ ಮೇಲೆ ಇದ್ದ ಗುರುತೆಂದರೆ ಯಂಕೋಬ ಬಿಡಿಸಿದ ಎಲೆ. ಮೊಬೈಲಿನಲ್ಲಿ ಹುಡುಕಿದರೆ ಇನ್ನೊಂದು ನಿಯಮವೂ ಸಿಕ್ಕಿತು. ದಿಲ್ಲಿಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಹಸಿರು, ಪರಿಸರಸ್ನೇಹಿ ಎಂದು ಸುಮ್ಮನೆ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಯಾವ ಭಾಗ, ಯಾವುದಕ್ಕಿಂತ ಮೇಲು, ಪುರಾವೆ ಏನು ಎಂದು ಹೇಳಬೇಕು. ನಾವು ಎಲೆ ಬಿಡಿಸುವ ಮೊದಲೇ ಅದು ಬಂದಿತ್ತು.

ಇಬ್ಬರೂ ಸಿಂಧನೂರಿಗೆ ಹೋದೆವು. ಶಿವಕಾಂತನ ಗೋದಾಮಿನಲ್ಲಿ ಲಾರಿ ತುಂಬುತ್ತಿತ್ತು. ಯಂಕೋಬ ಕಾಗದ, ತೊಳೆದ ಹಾಳೆ ಎಲ್ಲ ಮುಂದಿಟ್ಟ. ಶಿವಕಾಂತ ನೋಡಿದ, ಅವನ ಮುಖವೂ ಬಿಳುಚಿತು. ಅವನು ರಾಕ್ಷಸನೇನಲ್ಲ, ಚೀಲ ಕೊಟ್ಟವನು ಅವನಿಗೂ ಟೋಪಿ ಹಾಕಿದ್ದ.

“ಆತು, ದನದ ಮಾತು ತಗದುಬಿಡು,” ಎಂದ. “ಅದರ ಜಾಗದಾಗ ‘ಪರಿಸರಸ್ನೇಹಿ ಚೀಲ’ ಅಂತ ಹಾಕು. ಯಾರಿಗೂ ತ್ರಾಸಿಲ್ಲ.”

“ಯಾವ ಭಾಗ ಸ್ನೇಹಿರಿ ಸಾವ್ಕಾರ್ರ? ಕಾಗದೇನು, ಪದರೇನು? ಅದು ಹಂಗ ಬರಿಯಾಕ ಬರಂಗಿಲ್ಲ. ಪ್ಲಾಸ್ಟಿಕ್ ಒಂಬತ್ತು ಗ್ರಾಂ ಇದ್ದದ್ದು ನಾಲ್ಕಾಗೇತಿ, ಅದು ಖರೆ, ಅದನ್ನ ಬರಿಯೂಣು. ಒಳಗ ಪ್ಲಾಸ್ಟಿಕ್ ಐತಿ, ದನಕ್ಕ ಹಾಕಬ್ಯಾಡ್ರಿ ಅಂತ ಬರಿಯೂಣು. ಮೊದಲು ಬರದಿದ್ದು ತಪ್ಪು ಅಂತ ಬರಿಯೂಣು.”

ಮೊದಲಿನ ಎರಡಕ್ಕೂ ಶಿವಕಾಂತ ಒಪ್ಪಿ ತಲೆಯಾಡಿಸಿದ. ಮೂರನೆಯದಕ್ಕೆ ಅವನ ಕಣ್ಣು ಕೆಂಪಾದವು. “ತಪ್ಪು ಅಂತ ನಾನಾ ಛಾಪಸ್ಲಿ? ನನ್ನ ಚೀಲದ ಮ್ಯಾಲೆ? ಊರಿನ ಎಮ್ಮಿ ಎಲ್ಲಾ ನನ್ನ ಬಾಗಲಕ ತಂದು ಕೆಡವತಾರ!”

“ಹಳೇ ಮಾತು ನಂಬಿ ಹಾಕಾಕತ್ತಾರ್ರೀ. ತಪ್ಪು ಅಂತ ಹೇಳದಿದ್ರ ನಿಲ್ಲಂಗಿಲ್ಲ. ನೀವು ಬರೀಲಿಲ್ಲಂದ್ರ ನಾ ಬರೀತೀನಿ.”

ಶಿವಕಾಂತನ ಕೈ ಯಂಕೋಬನ ಕೆನ್ನೆಗೆ ಬಿತ್ತು. ಆಮೇಲೆ ಲಾರಿಗೆ ತುಂಬುತ್ತಿದ್ದ ಇಬ್ಬರು ಬಂದು ಅವನ ಕುತ್ತಿಗೆಪಟ್ಟಿ ಹಿಡಿದು ಎಳೆದರು. ಒಬ್ಬ ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದ. ಇನ್ನೊಬ್ಬ ಬೆನ್ನಿಗೆ ಒದ್ದ. ನಾನು ಅಲ್ಲಿದ್ದ ತೂಕದ ಕಲ್ಲು ಎತ್ತಿ ಒದ್ದವನ ಕಾಲ ಮೇಲೆ ಎಸೆದೆ. ಅವನು ಕುಂಟುತ್ತ ಅರಚಿದ್ದು ಇವತ್ತಿಗೂ ನನ್ನ ಕಿವಿಗೆ ಹಿತ. ಅಷ್ಟರಲ್ಲಿ ಯಂಕೋಬನನ್ನು ಹೊರಗೆ ನೂಕಿ ಶಟರ್ ಎಳೆದರು. ಒಳಗೆ ಬಿದ್ದಿದ್ದ ಹಾಳೆಗಳಿಗಾಗಿ ಅವನು ಹೊಸ್ತಿಲ ಮೇಲೆ ಕೈ ಚಾಚಿದ್ದ. ಶಟರ್ ಧಡ್ ಎಂದು ಅವನ ಬಲಗೈ ಮೇಲೆ ಇಳಿಯಿತು.

ಎಲುಬು ಮುರಿದ ಸದ್ದು ನಾನು ಕೇಳಿದೆ. ಒಣ ತೊಗರಿ ಕಟ್ಟಿಗೆ ಮುರಿದ ಹಾಗೆ. ಮತ್ತೆ ಶಟರ್ ಎತ್ತಿದಾಗ ಎರಡು ಬೆರಳು ಅಡ್ಡಡ್ಡ ತಿರುಗಿದ್ದವು, ಉಗುರಿನ ಜಾಗದಲ್ಲಿ ಬರೀ ರಕ್ತ. ಶಿವಕಾಂತ ಬಾಯಿ ತೆರೆದು ನಿಂತಿದ್ದ. ನಾನು ಅವನ ಮುಖಕ್ಕೆ ಉಗುಳಿ ಆಟೋ ಕೂಗಿದೆ.

ಆಸ್ಪತ್ರೆಯಲ್ಲಿ ಕಟ್ಟು ಹಾಕಿದರು. ಪೊಲೀಸ್ ಠಾಣೆಗೆ ನಡಿ ಎಂದೆ. “ಆಮ್ಯಾಲೆ ಹೋಗೂಣು ಆಪಾ. ಮೊದಲು ಬರಿಯೂಣು. ದಿನಾ ಯಾರ್ದೋ ದನದ ಹೊಟ್ಟಿಯೊಳಗ ಐದಾರು ಚೀಲ ಹೋಗಾಕತ್ತಾವ,” ಎಂದ. ನೋವಿಗೆ ಹಲ್ಲು ಕಟಕಟ ಎನ್ನುತ್ತಿತ್ತು.

ಅಂಗಡಿಗೆ ಬಂದು ಕೂತೆವು. ಅವನು ಹೇಳುವುದು, ನಾನು ಕೀಲಿ ಒತ್ತುವುದು. ಗಾಳೆಮ್ಮ ಹೊಲದಲ್ಲಿ ತೆಗೆಸಿದ್ದ ಫೋಟೋ ಇತ್ತು: ಸೀಳಿದ ಹೊಟ್ಟೆ, ಪಕ್ಕದಲ್ಲಿ ಹಾಳೆಯ ರಾಶಿ. ಅದರ ಕೆಳಗೆ ಏನು ಬರೆಯುವುದು? ನನ್ನ ತಲೆಯೊಳಗೆ ಬೆಂಕಿ ಇತ್ತು, ಅವನ ಕೈಯೊಳಗೆ ಬೆಂಕಿ ಇತ್ತು. ಬರೆದೆವು: ‘ಹೊನ್ನತೆನೆ ವಿಷದ ಚೀಲ. ಶಿವಕಾಂತ ಕೊಲೆಗಾರ. ನೂರಾರು ಮೂಕಪ್ರಾಣಿಗಳ ಬಲಿ.’ ಓದಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮೇಲೆ ಇನ್ನೊಂದು ಬೈಗುಳ ಸೇರಿಸಿದೆ.

ಅಣ್ಣನ ಕೈ ಮುರಿದ ಸುದ್ದಿ ಖಾನಾವಳಿಗೆ ಮುಟ್ಟಿ ಗಾಳೆಮ್ಮ ಬಂದಳು. ಕೈ ಹೇಗಿದೆ ಎಂದು ಕೇಳಲಿಲ್ಲ. ನಮ್ಮ ಹಿಂದೆ ನಿಂತು ಪರದೆ ಓದಿದಳು.

“ನೂರಾರು ಎಲ್ಲಿ ನೋಡಿದಿ?” ಎಂದಳು.

ಯಂಕೋಬ ತಿರುಗಿದ.

“ಸತ್ತದ್ದು ನಂದು ಒಂದ. ಇನ್ನ ಯಾರ್ದರೆ ಸತ್ತೈತೋ ಇಲ್ಲೋ ನಿನಗ ಗೊತ್ತಿಲ್ಲ. ವಿಷ ಅಂತಿ, ಡಾಕ್ಟರ್ ವಿಷ ಅಂದಿಲ್ಲ, ದಾರಿ ಕಟ್ಟೈತಿ ಅಂದಾರ. ಕೊಲೆಗಾರ ಅಂತಿ, ಅವರಿಗೂ ಗೊತ್ತಿದ್ದಿಲ್ಲ. ಮತ್ತ ಸುಳ್ಳ ಬರ್ಯಾಕತ್ತೀಯಲ್ಲೋ!”

“ತಂಗಿ, ಅವ ನನ್ನ ಕೈ…”

“ನಿನ್ನ ಕೈ ಸಲುವಾಗಿ ಬಂದಿಲ್ಲ ನಾ. ಮಂದಿ ದನದ ಸಲುವಾಗಿ ಬಂದೀನಿ. ಒಂದು ಸುಳ್ಳು ಸಿಕ್ರ ಸಾಕು, ಎಲ್ಲಾ ಸುಳ್ಳು ಅಂತಾರ. ತಗಿ ಅದನ್ನ. ಹೊಟ್ಟ್ಯಾಗ ಎರಡು ಕ್ಯಾರಿ ಬ್ಯಾಗ್ ಸೈತ ಇದ್ವಲ್ಲ, ಡಾಕ್ಟರ್ ತಗಿವಾಗ ನಾ ನೋಡೀನಿ, ಅದನ್ನೂ ಬರಿ.”

“ಅದ್ಯಾಕಬೇ, ಅವನಿಗೆ ಅನುಕೂಲ ಆಗತೈತಿ,” ಎಂದೆ ನಾನು.

“ಇದ್ವೋ ಇಲ್ಲೋ?” ಎಂದಳು. ನಾನು ಬಯ್ಯದೆ ಅದನ್ನೂ ಒತ್ತಿದೆ. ಅದು ಅಪರೂಪ.

ಬಲಗೈ ಎದೆಗೆ ಕಟ್ಟಿಕೊಂಡು ಯಂಕೋಬ ಒಂದೊಂದೇ ಸಾಲು ಹೇಳಿದ, ಅವಳು ಒಂದೊಂದನ್ನೇ ತೂಗಿ ಬಿಟ್ಟಳು. ಕೊನೆಗೆ ಉಳಿದದ್ದು ಇಷ್ಟು:

‘ಹೊನ್ನತೆನೆ ರೊಟ್ಟಿ ಚೀಲದ ಹೊರಭಾಗ ಕಾಗದ. ಒಳಗೆ ತೆಳು ಪ್ಲಾಸ್ಟಿಕ್ ಪದರ ಇದೆ, ರೊಟ್ಟಿ ಮೆತ್ತಗಾಗದಿರಲಿ ಎಂದು. ಹಳೆಯ ಚೀಲದಲ್ಲಿ ಒಂಬತ್ತು ಗ್ರಾಂ ಪ್ಲಾಸ್ಟಿಕ್ ಇತ್ತು, ಇದರಲ್ಲಿ ನಾಲ್ಕು ಗ್ರಾಂ. ಹತ್ತು ಹತ್ತು ಚೀಲ ತೂಗಿ ನೋಡಿದ ಲೆಕ್ಕ. ಒಳಪದರ ಮಣ್ಣಲ್ಲಿ ಕೊಳೆಯುತ್ತದೆ ಎನ್ನಲು ಪುರಾವೆ ಇಲ್ಲ. ತಿಪ್ಪೆಗೆ ಹಾಕಬೇಡಿ, ದನಕ್ಕೆ ಹಾಕಬೇಡಿ. ದನ ತಿಂದರೂ ಏನೂ ಆಗುವುದಿಲ್ಲ ಎಂದು ಬರೆದದ್ದು ತಪ್ಪು. ಏಳು ತಿಂಗಳು ಚೀಲ ತಿಂದು ಸಂತೆಕಲ್ಲೂರಿನ ಗಾಳೆಮ್ಮನ ಎಮ್ಮೆ ಚಂದ್ರಿ ಸತ್ತಿದೆ. ಹೊಟ್ಟೆಯಲ್ಲಿ ಈ ಪದರದ ರಾಶಿ, ಬೇರೆ ಎರಡು ಕ್ಯಾರಿ ಬ್ಯಾಗ್ ಸಿಕ್ಕವು. ತಪ್ಪು ಬರೆದವನು ಯಂಕೋಬ, ಮಸ್ಕಿ. ಛಾಪಿಸಿದವಳು ಮೆಹರಬಾನು.’

ಎಲೆಯ ಚಿತ್ರ ಇಲ್ಲ, ಭೂತಾಯಿ ಇಲ್ಲ. ಹದಿನೆಂಟು ವರ್ಷದಲ್ಲಿ ಯಂಕೋಬ ಬರೆಸಿದ ಅತ್ಯಂತ ಸಪ್ಪೆ ಸಾಲುಗಳು. ಅವತ್ತು ಸಂಜೆಯೊಳಗೆ ಅದು ಖಾನಾವಳಿಗಳ ಗ್ರೂಪುಗಳನ್ನೆಲ್ಲ ಸುತ್ತಿ ದಢೇಸುಗೂರಿನವರೆಗೂ ಹೋಗಿತ್ತು.

ಮರುದಿನ ಬೆಳಿಗ್ಗೆ ಶಿವಕಾಂತ ಜೀಪಿನಲ್ಲಿ ಬಂದ. ಜೊತೆಗೆ ನಾಲ್ಕು ಜನ, ಕೈಯಲ್ಲಿ ಕಬ್ಬಿಣದ ಸಲಾಕೆ. ಬಂದವರೇ ಅಂಗಡಿಯ ಗಾಜು ಒಡೆದರು. ಛಾಪಿಸುವ ಚೌಕಟ್ಟು ಮುರಿದು, ಬಣ್ಣದ ಡಬ್ಬಿಗಳನ್ನು ಒದ್ದರು. ನನ್ನ ಅಪ್ಪನ ಕಾಲದ ಮೇಜಿನ ಮೇಲೆ ಸಲಾಕೆ ಬಿದ್ದಾಗ ನಾನು ಕಾಗದ ಕೊಯ್ಯುವ ಕತ್ತಿ ಹಿಡಿದು, “ಬಾರಲೇ, ಯಾರು ಮೊದಲು ಬರ್ತೀರಿ!” ಎಂದು ಚೀರಿದೆ. ಒಬ್ಬ ಬಂದ, ಅವನ ಮುಂಗೈ ಸೀಳಿತು. ಹಸಿರು ಬಣ್ಣದ ಮೇಲೆ ಕೆಂಪು ರಕ್ತ ಹರಿಯಿತು. ಹೊರಗೆ ಜನ ಸೇರಿದರು. ಖಾನಾವಳಿಯವರು, ಟಂಟಂ ಆಟೋದವರು, ಬಸ್ಸಿಗೆ ನಿಂತವರು.

ಜನರನ್ನು ನೋಡಿ ಶಿವಕಾಂತ ದನಿ ಏರಿಸಿದ. “ನೋಡ್ರಿ, ನನ್ನ ಮ್ಯಾಲೆ ಸುಳ್ಳು ಬರದಾರ! ಈ ಎಮ್ಮಿ ಬ್ಯಾರೆ ಪ್ಲಾಸ್ಟಿಕ್ ತಿಂದು ಸತ್ತೈತಿ!”

ಗಾಳೆಮ್ಮ ಗುಂಪಿನಿಂದ ಮುಂದೆ ಬಂದಳು. ಮೊಬೈಲ್ ಅವನ ಮೂಗಿನ ಮುಂದೆ ಹಿಡಿದಳು. “ಅದನ್ನೂ ಬರದೀವಿ ಸಾವ್ಕಾರ್ರ. ಎರಡು ಕ್ಯಾರಿ ಬ್ಯಾಗ್. ಓದ್ರಿ, ಎಲ್ಲಾರ ಮುಂದ ಓದ್ರಿ. ಯಾವ ಸಾಲು ಸುಳ್ಳೈತೋ ತೋರ್ಸ್ರಿ, ಇಲ್ಲೇ ಅಳಿಸಿಬಿಡ್ತೀನಿ.”

ಅವನು ಮೊಬೈಲ್ ಕಸಿದುಕೊಂಡ. ಓದಿದ. ಇನ್ನೊಮ್ಮೆ ಮೇಲಿನಿಂದ ಓದಿದ. ಅವನಿಗೆ ಬೇಕಿದ್ದುದು ಒಂದೇ ಒಂದು ಹೆಚ್ಚಿನ ಮಾತು. ನಾವು ಬರೆದು ಅಳಿಸಿದ್ದ ನೂರಾರು ಎಂಬುದು ಅಲ್ಲಿದ್ದಿದ್ದರೆ ಅವತ್ತೇ ನಮ್ಮ ಕತೆ ಮುಗಿಯುತ್ತಿತ್ತು. ಅವನ ತುಟಿ ಅಲ್ಲಾಡುತ್ತಿತ್ತು, ಬೆರಳು ಸಾಲಿನಿಂದ ಸಾಲಿಗೆ ಜಾರುತ್ತಿತ್ತು. ಕೊನೆಗೆ ಸಿಟ್ಟು ತಡೆಯದೆ ಮೊಬೈಲನ್ನು ಕಲ್ಲಿಗೆ ಬಡಿದ. ಅದು ಚೂರಾಯಿತು.

“ಅದು ನಂದು. ಮಂದಿ ಕೈಯಾಗ ಇನ್ನ ಐತಿ,” ಎಂದಳು ಗಾಳೆಮ್ಮ.

ಖಾನಾವಳಿಯ ಮಾಲೀಕ ಗುಂಪಿನಿಂದಲೇ ಕೂಗಿದ. ಈ ಮಾತು ಚೀಲದ ಮೇಲೆ ಬರುವವರೆಗೂ ರೊಟ್ಟಿ ಇಳಿಸುವುದಿಲ್ಲ ಎಂದ. ಇನ್ನಿಬ್ಬರು ಹೌದೆಂದರು. ಶಿವಕಾಂತ ನನ್ನ ಮುರಿದ ಮೇಜಿನ ತುದಿಗೆ ಕುಸಿದು ಕೂತ. ಆಮೇಲೆ, “ಛಾಪಸ್ರಿ. ತಪ್ಪು ಅನ್ನೂದು ಸೇರಿಸಿ ಛಾಪಸ್ರಿ,” ಎಂದ. ಕೈ ಮುರಿದದ್ದಕ್ಕೂ ಅಂಗಡಿ ಒಡೆದದ್ದಕ್ಕೂ ನಾನು ಠಾಣೆಯಲ್ಲಿ ಕೊಟ್ಟ ಫಿರ್ಯಾದಿ ಹಾಗೆಯೇ ಇದೆ, ವಾಪಸ್ ತೆಗೆದುಕೊಂಡಿಲ್ಲ. ಒಬ್ಬನ ಕಾಲಿಗೂ ಇನ್ನೊಬ್ಬನ ಕೈಗೂ ಅವರು ನನ್ನ ಮೇಲೆ ಕೊಟ್ಟದ್ದೂ ಇದೆ. ಚೀಲಕ್ಕೆ ಅಂಟಿಸುವ ಪಟ್ಟಿ ಮಾತ್ರ ಆ ವಾರವೇ ಛಾಪಿಸಿದೆ.

ಯಂಕೋಬನ ಎರಡು ಬೆರಳು ಮಡಚುವುದಿಲ್ಲ. ಎಡಗೈಯಲ್ಲಿ ಕೆಲಸ ಮಾಡುತ್ತಾನೆ, ಮೊದಲಿನ ಅರ್ಧ ವೇಗ. ಯಾರದೇ ಸಾಲು ಬರೆಯಲಿ, ಮೊದಲು ಗಾಳೆಮ್ಮನ ಹೊಸ ಮೊಬೈಲಿಗೆ ಕಳಿಸುತ್ತಾನೆ. ಅವಳು ಪಾತ್ರೆ ತಿಕ್ಕುವ ನಡುವೆ ಒಂದೇ ಪದ ಒತ್ತುತ್ತಾಳೆ. ಖರೆ, ಇಲ್ಲವೇ ಸುಳ್ಳು. ಅಣ್ಣತಂಗಿಯ ನಡುವೆ ಉಳಿದಿದ್ದ ಮಾತೇ ಅಷ್ಟು. ಎದುರು ಸಿಕ್ಕರೆ ಅವಳು ಮುಖ ತಿರುಗಿಸುತ್ತಿದ್ದಳು.

ನಾಗರ ಪಂಚಮಿಗೆ ಅವಳನ್ನು ಕರೆತರಬೇಕು, ಅದು ತವರಿನ ಪದ್ಧತಿ. ಹಬ್ಬದ ದಿನ ಬೆಳಿಗ್ಗೆ ಯಂಕೋಬ ಅಂಗಡಿಯಲ್ಲಿ ಕೂತು ಎಡಗೈಯಿಂದ ಏನೇನೋ ಒತ್ತಿ ಒತ್ತಿ ಅಳಿಸುತ್ತಿದ್ದ. ಕೊನೆಗೆ ಕಳಿಸಿದ್ದನ್ನು ನನಗೆ ತೋರಿಸಿದ. ‘ನೀ ಇಲ್ಲದ ಹಬ್ಬ ನನಗ ಬ್ಯಾಡಾಗೇತಿ, ತಂಗಿ.’

ಮಧ್ಯಾಹ್ನದವರೆಗೂ ಉತ್ತರವಿಲ್ಲ. ಅವನು ಊಟ ಮಾಡಲಿಲ್ಲ. ಮೂರು ಗಂಟೆಗೆ ಮೊಬೈಲ್ ಸದ್ದು ಮಾಡಿತು. ನಾನೇ ಎತ್ತಿ ನೋಡಿದೆ. ‘ಖರೆ’ ಎಂದಿತ್ತು.

ಅಷ್ಟು ಹೊಡೆತ ತಿಂದಾಗಲೂ ಅಳದಿದ್ದ ಯಂಕೋಬ ಆಗ ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿಸಿ, ಹಬ್ಬದ ಉಂಡಿಯ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಸಂತೆಕಲ್ಲೂರಿನ ಆಟೋ ಹತ್ತಿದ.